ಜೀವಕೋಶವೆಂಬ ನಗರದಲ್ಲಿ ಲಾರಿಗೆ ಚಾಲಕ ಯಾರು?

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ‘ಜೀವಕೋಶವೆಂಬ ನಗರ’ ಎಂದು ಐದು ನಿಮಿಷ ಭಾಷಣ ಮಾಡಬೇಕು. ಕೋಶಕೇಂದ್ರ ಎಂದರೆ ನಗರಸಭೆ, ಮೈಟೊಕಾಂಡ್ರಿಯ ಎಂದರೆ ವಿದ್ಯುತ್ ಸ್ಥಾವರ, ಗಾಲ್ಜಿ ಎಂದರೆ ಅಂಚೆ ಕಚೇರಿ, ಪೊರೆ ಎಂದರೆ ಕೋಟೆಗೋಡೆ ಎಂದು ಬರೆದುಕೊಂಡಿದ್ದಾಳೆ. ‘ಈ ಹೋಲಿಕೆ ಎಲ್ಲಿ ತಪ್ಪುತ್ತದೆ ಎಂಬುದನ್ನೂ ಹೇಳು’ ಎಂದು ಅವಳ ಟೀಚರ್ ಹೇಳಿದ್ದಾರಂತೆ. ‘ಅಮ್ಮಾ, ಕೋಶದಲ್ಲಿ ಸಾಮಾನು ಸಾಗಿಸುವ ಲಾರಿಗೆ ಡ್ರೈವರ್ ಯಾರು?’ ಎಂದು ಅವಳು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಹೋಲಿಕೆಯನ್ನೇ ಬಿಟ್ಟುಬಿಡು ಎನ್ನಲೇ? — ಒಬ್ಬ ತಾಯಿ, ತುಮಕೂರು

ಉತ್ತರ: ಬಿಡಿಸಬೇಡಿ. ಜೀವಕೋಶವೆಂಬ ಹೆಸರೇ ಹೋಲಿಕೆಯಿಂದ ಹುಟ್ಟಿದ್ದು. 1665ರಲ್ಲಿ ರಾಬರ್ಟ್ ಹುಕ್ ಕಾರ್ಕಿನ ತೆಳುವಾದ ಹೋಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಸಾಲುಸಾಲು ಪುಟ್ಟ ಕೋಣೆಗಳಂತಹ ಖಾನೆಗಳು ಕಂಡವು. ಇಂಗ್ಲಿಷಿನ ಹೆಸರು ಆ ಕೋಣೆಯಿಂದ ಬಂತು. ನಮ್ಮ ‘ಕೋಶ’ ಎಂಬ ಮಾತಿನಲ್ಲಿಯೂ ಭಂಡಾರದ, ಕೂಡಿಟ್ಟ ಜಾಗದ ಅರ್ಥವಿದೆ. ಮೂವತ್ತು ವರ್ಷ ಪದವಿ ತರಗತಿಗಳಿಗೆ ಕೋಶ ಜೀವಶಾಸ್ತ್ರ ಕಲಿಸಿದ ನಾನೂ ಹೋಲಿಕೆಯಿಲ್ಲದೆ ಒಂದು ಪಾಠವನ್ನೂ ಮುಗಿಸಿಲ್ಲ. ಆದರೆ ಒಂದೊಂದು ಭಾಗಕ್ಕೂ ನಗರದ ಒಂದೊಂದು ಹೆಸರು ಅಂಟಿಸಿದೊಡನೆ ವಿಷಯ ತಿಳಿದುಬಿಟ್ಟಿತೆಂಬ ಭಾವನೆ ಬರುತ್ತದೆ, ಅಲ್ಲಿಗೆ ಪ್ರಶ್ನೆ ಕೇಳುವುದೂ ನಿಂತುಹೋಗುತ್ತದೆ. ನಿಮ್ಮ ಮಗಳು ಅಲ್ಲಿ ನಿಲ್ಲದೆ ಡ್ರೈವರನ್ನು ಹುಡುಕಿದ್ದಾಳೆ. ಹೋಲಿಕೆ ನಿಜವಾಗಿ ಮುರಿಯುವ ಜಾಗ ಅದೇ. ಭಾಷಣವನ್ನೂ ಆ ಪ್ರಶ್ನೆಯ ಸುತ್ತ ಕಟ್ಟಬಹುದು.

ಮೊದಲು ಅಳತೆಯಿಂದ ಆರಂಭಿಸೋಣ, ಏಕೆಂದರೆ ಇಲ್ಲಿ ಲೆಕ್ಕ ಬಹಳ ಸುಲಭವಾಗಿ ಕೂಡಿಬರುತ್ತದೆ. ನಮ್ಮ ದೇಹದ ಒಂದು ಸಾಧಾರಣ ಕೋಶದ ಅಡ್ಡಳತೆ ಸುಮಾರು 10 ಮೈಕ್ರೊಮೀಟರ್, ಅಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ. ಅದನ್ನು ನೂರು ಕೋಟಿ ಪಟ್ಟು ಹಿಗ್ಗಿಸಿದರೆ 10 ಕಿಲೋಮೀಟರ್ ಅಗಲದ ಊರಾಗುತ್ತದೆ. ಒಂದು ನ್ಯಾನೊಮೀಟರ್ ಸರಿಯಾಗಿ ಒಂದು ಮೀಟರ್ ಆಗುತ್ತದೆ. ಈ ಊರಿನಲ್ಲಿ ಒಂದು ಪ್ರೋಟೀನು ಸುಮಾರು ಒಂದು ಕಾರಿನಷ್ಟಿರುತ್ತದೆ, ನೀರಿನ ಒಂದು ಅಣು ಒಂದು ಅಡಿಗಿಂತ ತುಸು ಚಿಕ್ಕದು, ಕೋಶದ ಪೊರೆ ನಾಲ್ಕೈದು ಮೀಟರ್ ದಪ್ಪದ ಗೋಡೆ. ನಗರಸಭೆಯೆಂದು ನಾವು ಕರೆಯುವ ಕೋಶಕೇಂದ್ರ ಮಾತ್ರ ಐದು ಕಿಲೋಮೀಟರ್ ಅಗಲವಾಗಿ, ಊರಿನ ಅರ್ಧ ಅಗಲವನ್ನು ಆಕ್ರಮಿಸಿ ನಿಂತಿರುತ್ತದೆ. ಇದಕ್ಕಿಂತ ಮುಖ್ಯವಾಗಿ, ಈ ಊರು ನೆಲದ ಮೇಲೆ ಹರಡಿಕೊಂಡಿಲ್ಲ. ಹತ್ತು ಕಿಲೋಮೀಟರ್ ಎತ್ತರವೂ ಇದೆ. ಶಾಲೆಗಳಲ್ಲಿ ನಾವು ಮಾಡುವ ಥರ್ಮಾಕೋಲ್ ಮಾದರಿಯಲ್ಲಿ ಭಾಗಗಳ ನಡುವೆ ಹಳದಿ ಬಣ್ಣ ಬಳಿದ ಖಾಲಿ ಬಯಲು ಇರುತ್ತದಲ್ಲ, ನಿಜವಾದ ಕೋಶದಲ್ಲಿ ಅಂತಹ ಬಯಲೇ ಇಲ್ಲ. ಕೋಶದ್ರವದ ಗಾತ್ರದಲ್ಲಿ ಸುಮಾರು ಐದನೇ ಒಂದು ಭಾಗವನ್ನೋ ಅದಕ್ಕೂ ಹೆಚ್ಚನ್ನೋ ಪ್ರೋಟೀನಿನಂತಹ ದೊಡ್ಡ ಅಣುಗಳು ತುಂಬಿರುತ್ತವೆ, ಉಳಿದದ್ದೆಲ್ಲ ಕ್ಷಣಕ್ಷಣವೂ ಅವುಗಳಿಗೆ ಡಿಕ್ಕಿ ಹೊಡೆಯುವ ನೀರು. ಜಾತ್ರೆಯ ಜನಸಂದಣಿ ನೆನಪಿಗೆ ಬಂದರೆ ಅದು ಹೆಚ್ಚು ಹತ್ತಿರದ ಚಿತ್ರ.

ಈ ಊರಿನಲ್ಲಿ ಒಂದು ಸರಕು ಹೇಗೆ ತಯಾರಾಗಿ ಹೊರಗೆ ಹೋಗುತ್ತದೆ ಎಂಬುದನ್ನು ಮೊದಲಿಂದ ಕೊನೆಯವರೆಗೆ ಹಿಂಬಾಲಿಸುವುದು, ಹತ್ತು ಭಾಗಗಳ ಹೆಸರು ಹೇಳುವುದಕ್ಕಿಂತ ಹೆಚ್ಚು ಕಲಿಸುತ್ತದೆ. ನಾನು ಇನ್ಸುಲಿನ್ನನ್ನು ಆಯ್ದುಕೊಳ್ಳುತ್ತೇನೆ, ಏಕೆಂದರೆ ಸಭೆಯಲ್ಲಿ ಕುಳಿತ ಎಲ್ಲರೂ ಆ ಹೆಸರು ಕೇಳಿರುತ್ತಾರೆ. ಅದನ್ನು ತಯಾರಿಸುವುದು ಮೇದೋಜ್ಜೀರಕ ಗ್ರಂಥಿಯ ಬೀಟಾ ಕೋಶಗಳು. ಕೋಶಕೇಂದ್ರದಲ್ಲಿರುವ ಇನ್ಸುಲಿನ್ ಜೀನಿನಿಂದ ಒಂದು ಪ್ರತಿ, ಅಂದರೆ ಸಂದೇಶವಾಹಕ ಆರ್‌ಎನ್‌ಎ, ಹೊರಬರುತ್ತದೆ. ರೈಬೋಸೋಮ್ ಅದನ್ನು ಅನುಸರಿಸಿ 110 ಅಮೈನೋ ಆಮ್ಲಗಳ ಒಂದು ಸರಪಳಿಯನ್ನು ಜೋಡಿಸುತ್ತದೆ. ಆ ಸರಪಳಿಯ ಮೊದಲ 24 ಅಮೈನೋ ಆಮ್ಲಗಳು ಇನ್ಸುಲಿನ್ನಿನ ಕೆಲಸಕ್ಕೆ ಬೇಕಾದವಲ್ಲ, ಅವು ವಿಳಾಸ. ಎಂಡೋಪ್ಲಾಸ್ಮಿಕ್ ಜಾಲದೊಳಕ್ಕೆ ಹೋಗಬೇಕಾದ ಸರಕು ಇದು ಎಂಬುದು ಆ ತುದಿಯಲ್ಲಿದೆ. ಒಳಗೆ ಹೋದ ಮೇಲೆ ವಿಳಾಸದ ಭಾಗ ಕತ್ತರಿಸಿಹೋಗುತ್ತದೆ. ಉಳಿದ ಸರಪಳಿ ಮಡಚಿಕೊಂಡು, ಗಾಲ್ಜಿಯ ಮೂಲಕ ಸಾಗಿ, ಪುಟ್ಟ ಚೀಲಗಳಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿ ನಡುವಿನ ಇನ್ನೊಂದು ತುಂಡು ಕಳಚಿಕೊಂಡಾಗ 51 ಅಮೈನೋ ಆಮ್ಲಗಳ ಇನ್ಸುಲಿನ್ ಸಿದ್ಧವಾಗುತ್ತದೆ. ಹಾಗೆ ಕಳಚಿದ ತುಂಡಿನ ಹೆಸರು ಸಿ-ಪೆಪ್ಟೈಡ್. ಮಧುಮೇಹಿಗಳಿರುವ ಮನೆಯವರು ರಕ್ತಪರೀಕ್ಷೆಯ ಚೀಟಿಯಲ್ಲಿ ಈ ಹೆಸರನ್ನು ನೋಡಿರಬಹುದು. ದೇಹ ತಾನಾಗಿ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂದು ಅದರಿಂದ ಅಂದಾಜು ಮಾಡುತ್ತಾರೆ. ಒಂದು ಬೀಟಾ ಕೋಶದಲ್ಲಿ ಇಂತಹ ಚೀಲಗಳು ಸುಮಾರು ಹತ್ತು ಸಾವಿರ, ಒಂದೊಂದರಲ್ಲೂ ಲಕ್ಷಕ್ಕೂ ಹೆಚ್ಚು ಇನ್ಸುಲಿನ್ ಅಣುಗಳು.

ಇಲ್ಲಿಯವರೆಗೆ ಕಾರ್ಖಾನೆ, ವಿಳಾಸ, ಅಂಚೆ ಕಚೇರಿ, ಗೋದಾಮು ಎಂಬ ಹೋಲಿಕೆ ಸೊಗಸಾಗಿ ಕೂಡುತ್ತದೆ. ಪ್ರೋಟೀನುಗಳು ತಮ್ಮ ವಿಳಾಸವನ್ನು ತಮ್ಮಲ್ಲೇ ಹೊತ್ತಿರುತ್ತವೆ ಎಂಬುದನ್ನು ತೋರಿಸಿಕೊಟ್ಟದ್ದಕ್ಕಾಗಿ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಪ್ರಶಸ್ತಿ ಬಂತು, ಆದ್ದರಿಂದ ‘ವಿಳಾಸ’ ಎಂಬ ಮಾತನ್ನು ಮಗಳು ಧೈರ್ಯವಾಗಿ ಬಳಸಲಿ. ಆದರೆ ಕಾಗದದ ಮೇಲಿನ ವಿಳಾಸಕ್ಕೆ ಓದುವವನೊಬ್ಬ ಬೇಕು. ಕೋಶದಲ್ಲಿ ಓದುವವರು ಇಲ್ಲ. ಆ 24 ಅಮೈನೋ ಆಮ್ಲಗಳಲ್ಲಿ ಬಹುಪಾಲು ನೀರಿಗೆ ಸೇರದಂಥವು. ಅವು ರೈಬೋಸೋಮಿನಿಂದ ಹೊರಗೆ ಇಣುಕಿದೊಡನೆ, ಅವಕ್ಕೆ ಹೊಂದುವ ಗುಣಿಯಿರುವ ಒಂದು ಕಣ, ಅಲೆಯುತ್ತ ಬಂದದ್ದು, ಅಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಕಣ ಸಿಕ್ಕಿಕೊಂಡ ರೈಬೋಸೋಮ್ ಮತ್ತೆ ಅಲೆಯುತ್ತ ಜಾಲದ ಪೊರೆಗೆ ಬಡಿದಾಗ, ಅಲ್ಲಿರುವ ಇನ್ನೊಂದು ಪ್ರೋಟೀನಿಗೆ ಅದು ಹೊಂದಿಕೊಂಡು ನಿಲ್ಲುತ್ತದೆ. ವಿಳಾಸ ಓದಿ ಅರ್ಥಮಾಡಿಕೊಳ್ಳುವ ಬರಹವಲ್ಲ, ಒಂದಕ್ಕೊಂದು ಕೂಡುವ ಆಕಾರ. ಬೇರೆ ಜಾಗಗಳಿಗೂ ಅದು ಹೋಗಿ ಬಡಿದಿರುತ್ತದೆ. ಅಲ್ಲಿ ಹೊಂದಿಕೆಯಾಗದೆ ಮುಂದೆ ಸರಿದಿರುತ್ತದೆ.

ಹೀಗೆ ಗೊತ್ತುಗುರಿಯಿಲ್ಲದೆ ಅಲೆದರೆ ಕೆಲಸ ಮುಗಿಯುವುದು ಯಾವಾಗ ಎಂದು ಕೇಳಬೇಕಾದದ್ದೇ. ಅಳತೆ ಸಣ್ಣದಾಗಿದ್ದರೆ ಅಲೆದಾಟ ಬಹಳ ಬೇಗ ಮುಗಿಯುತ್ತದೆ: ಒಂದು ಸಾಧಾರಣ ಪ್ರೋಟೀನು, ನೀರಿನ ಅಣುಗಳ ತಳ್ಳಾಟದಿಂದಷ್ಟೇ, ಹತ್ತು ಮೈಕ್ರೊಮೀಟರ್ ದೂರವನ್ನು ನಾಲ್ಕೈದು ಸೆಕೆಂಡಿನಲ್ಲಿ ದಾಟಬಲ್ಲದು. ಆದರೆ ದೂರ ಹೆಚ್ಚಿದಂತೆ ಈ ವಿಧಾನ ವಿಪರೀತ ನಿಧಾನವಾಗುತ್ತದೆ, ಏಕೆಂದರೆ ದೂರ ಹತ್ತರಷ್ಟಾದರೆ ಬೇಕಾಗುವ ಕಾಲ ನೂರರಷ್ಟಾಗುತ್ತದೆ. ಬೆನ್ನುಹುರಿಯ ಬಳಿಯಿಂದ ಕಾಲಿನ ಬೆರಳಿನವರೆಗೆ ಚಾಚಿಕೊಂಡ ಒಂದು ನರಕೋಶವನ್ನು ತೆಗೆದುಕೊಳ್ಳಿ. ಅದರ ಎಳೆ ಸುಮಾರು ಒಂದು ಮೀಟರ್ ಉದ್ದ. ಅದೇ ಪ್ರೋಟೀನು ಬರಿಯ ಅಲೆದಾಟದಿಂದ ಆ ತುದಿ ಮುಟ್ಟಬೇಕಾದರೆ ಒಂದೂವರೆ ಸಾವಿರ ವರ್ಷ ಹಿಡಿಯುತ್ತದೆ. ಇನ್ಸುಲಿನ್ ಚೀಲದಂತಹ ದೊಡ್ಡ ಸರಕು ಸಣ್ಣ ಕೋಶದೊಳಗೂ ಅಲೆದಾಟದಿಂದ ಬೇಗ ಸಾಗದು. ಹೀಗಾಗಿ ಕೋಶದಲ್ಲಿ ರಸ್ತೆಗಳೂ ಇವೆ, ಲಾರಿಗಳೂ ಇವೆ.

ರಸ್ತೆಗಳೆಂದರೆ ಮೈಕ್ರೊಟ್ಯೂಬ್ಯೂಲ್ ಎಂಬ 25 ನ್ಯಾನೊಮೀಟರ್ ದಪ್ಪದ ಕೊಳವೆಗಳು. ಲಾರಿಯೆಂದರೆ 1985ರಲ್ಲಿ ಗುರುತಿಸಲಾದ ಕೈನೆಸಿನ್ ಎಂಬ ಪ್ರೋಟೀನು. ಅದಕ್ಕೆ ಗಾಲಿಗಳಿಲ್ಲ, ಎರಡು ಪಾದಗಳಿವೆ. ಒಂದು ತುದಿಯಲ್ಲಿ ಸರಕಿನ ಚೀಲ, ಇನ್ನೊಂದು ತುದಿಯಲ್ಲಿ ಪಾದಗಳು. ಒಂದು ಹೆಜ್ಜೆಗೆ 8 ನ್ಯಾನೊಮೀಟರ್, ಒಂದು ಹೆಜ್ಜೆಗೆ ಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚು, ಸೆಕೆಂಡಿಗೆ ಸುಮಾರು ನೂರು ಹೆಜ್ಜೆ. ನಮ್ಮ ಹಿಗ್ಗಿಸಿದ ಊರಿನಲ್ಲಿ ಅದು ಸೆಕೆಂಡಿಗೆ ಮುಕ್ಕಾಲು ಕಿಲೋಮೀಟರಿಗೂ ಮಿಕ್ಕ ವೇಗ. ನರಕೋಶದ ಒಂದು ಮೀಟರ್ ಹಾದಿಯನ್ನು ಇಂತಹ ಮೋಟಾರು ಪ್ರೋಟೀನುಗಳು, ಇನ್ನೂ ಚುರುಕಾಗಿ ನಡೆಯುವಂಥವು, ಕೆಲವೇ ದಿನಗಳಲ್ಲಿ ದಾಟಿಸುತ್ತವೆ.

ಈಗ ಡ್ರೈವರ್ ವಿಷಯ. ಕೈನೆಸಿನ್‌ಗೆ ಎತ್ತ ಹೋಗಬೇಕೆಂಬುದು ತಿಳಿದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಆ ಕೊಳವೆ ಒಂದೇ ದಿಕ್ಕಿಗೆ ಮುಖ ಮಾಡಿದ ಇಟ್ಟಿಗೆಗಳಿಂದ ಕಟ್ಟಿದಂತಿದ್ದು, ಅದರ ಎರಡು ತುದಿಗಳು ಬೇರೆಬೇರೆ ಬಗೆಯವು. ಪಾದದ ಆಕಾರ ಆ ಇಟ್ಟಿಗೆಗೆ ಒಂದೇ ರೀತಿಯಲ್ಲಿ ಕೂಡುತ್ತದೆ. ಹಿಂದಿನ ಪಾದ ಕಳಚಿದಾಗ ನೀರಿನ ತಳ್ಳಾಟದಲ್ಲಿ ಅದು ಸುಮ್ಮನೆ ಅತ್ತಿತ್ತ ಹೊಯ್ದಾಡುತ್ತದೆ, ಆದರೆ ಮುಂದಿನ ಪಾದಕ್ಕೆ ಎಟಿಪಿ ಅಂಟಿದಾಗ ಪಾದಗಳ ನಡುವಿನ ಪಟ್ಟಿ ಮುಂದಕ್ಕೆ ಸೆಟೆದುಕೊಂಡು ಹೊಯ್ದಾಟ ಮುಂದಿನ ಇಟ್ಟಿಗೆಯ ಬಳಿಯೇ ಮುಗಿಯುವಂತಾಗುತ್ತದೆ. ಅಂದರೆ ದಿಕ್ಕು ರಸ್ತೆಯ ಆಕಾರದಲ್ಲೇ ಇದೆ. ನೂರು ಹೆಜ್ಜೆಯ ಸುಮಾರಿಗೆ ಆ ಮೋಟಾರು ರಸ್ತೆಯಿಂದ ಕಳಚಿ ಬೀಳುವುದೂ ಉಂಟು. ಆಗ ಅದೇ ಚೀಲಕ್ಕೆ ಅಂಟಿರುವ ಇನ್ನೊಂದು ಮೋಟಾರು ಹಿಡಿದುಕೊಳ್ಳುತ್ತದೆ. ‘ಡ್ರೈವರ್ ಇಲ್ಲ ಕಂದಾ, ರಸ್ತೆಯೇ ಒಂದು ದಿಕ್ಕಿಗೆ ಮುಖ ಮಾಡಿ ಕಟ್ಟಿದೆ’ ಎಂದು ನೀವು ಮಗಳಿಗೆ ಹೇಳಬಹುದು.

ಎರಡನೆಯ ಬಿರುಕು ನಗರಸಭೆಯಲ್ಲಿದೆ. ಕೋಶಕೇಂದ್ರ ಎಲ್ಲವನ್ನೂ ಆಳುತ್ತದೆ, ಆಜ್ಞೆ ಕೊಡುತ್ತದೆ ಎಂಬ ವಾಕ್ಯವನ್ನು ನಾನು ಪದವಿ ಉತ್ತರಪತ್ರಿಕೆಗಳಲ್ಲಿಯೂ ಓದಿದ್ದೇನೆ. ನಮ್ಮ ಕೆಂಪು ರಕ್ತಕಣ ಬಲಿಯುವಾಗ ತನ್ನ ಕೋಶಕೇಂದ್ರವನ್ನು ಹೊರಹಾಕಿಬಿಡುತ್ತದೆ. ಆಮೇಲೂ ಸುಮಾರು 120 ದಿನ ದೇಹವನ್ನೆಲ್ಲ ಸುತ್ತಿ ಆಮ್ಲಜನಕ ಹೊರುತ್ತದೆ. ಅದಕ್ಕೆ ಸಾಧ್ಯವಾಗದ್ದು ಹೊಸ ಪ್ರೋಟೀನು ಮಾಡಿಕೊಂಡು ಸವೆದ ಭಾಗವನ್ನು ಬದಲಿಸುವುದು, ಹಾಗಾಗಿಯೇ ಅದರ ಆಯುಷ್ಯಕ್ಕೆ ಮಿತಿಯಿದೆ. ಬೀಟಾ ಕೋಶದಲ್ಲಿಯೂ ನೋಡಿ: ಊಟವಾಗಿ ರಕ್ತದ ಸಕ್ಕರೆ ಏರಿದಾಗ ಕೆಲವೇ ನಿಮಿಷಗಳಲ್ಲಿ ಇನ್ಸುಲಿನ್ ಹೊರಬೀಳುತ್ತದೆ. ಜೀನಿನಿಂದ ಹೊಸದಾಗಿ ತಯಾರಿಸಿ ಕಳಿಸುವುದಕ್ಕೆ ಅಷ್ಟು ಹೊತ್ತು ಸಾಲದು. ಹೊರಬರುವುದು ಮೊದಲೇ ತುಂಬಿಟ್ಟ ಚೀಲಗಳು, ಮತ್ತು ಈ ನಿರ್ಧಾರ ಕೋಶಕೇಂದ್ರದ ತನಕ ಹೋಗುವುದೇ ಇಲ್ಲ. ಯಾವ ಜೀನು ತೆರೆದಿರಬೇಕು ಎಂಬುದು ಕೂಡ ಕೋಶಕೇಂದ್ರ ತಾನೇ ತೀರ್ಮಾನಿಸುವ ವಿಷಯವಲ್ಲ; ಇನ್ಸುಲಿನ್ ಜೀನು ನಮ್ಮ ನರಕೋಶದಲ್ಲಿಯೂ ಇದೆ, ಅದನ್ನು ತೆರೆಯುವ ಪ್ರೋಟೀನುಗಳ ಕೂಟ ಬೀಟಾ ಕೋಶದಲ್ಲಿದೆ, ಅಷ್ಟೇ. ನಗರಸಭೆ ಎನ್ನುವ ಬದಲು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್ ಎಂದರೆ ಸತ್ಯಕ್ಕೆ ಹೆಚ್ಚು ಹತ್ತಿರ. ಅಲ್ಲಿಂದ ನಕಲು ಸಿಗುತ್ತದೆ. ಯಾವ ನಕಲು ಬೇಕೆಂದು ಅರ್ಜಿ ಹೊರಗಿನಿಂದ ಬರುತ್ತದೆ.

ಹಾಗಾದರೆ ಚೀಲಗಳನ್ನು ಬಿಡುಗಡೆ ಮಾಡಿದ್ದು ಯಾರು? ಇಲ್ಲಿ ವಿದ್ಯುತ್ ಸ್ಥಾವರದ ಮಾತು ಬರುತ್ತದೆ. ಮೈಟೊಕಾಂಡ್ರಿಯ ತಂತಿಯಲ್ಲಿ ಕರೆಂಟು ಹರಿಸುವುದಿಲ್ಲ. ತನ್ನ ಒಳಪೊರೆಯ ಒಂದು ಬದಿಗೆ ಹೈಡ್ರೋಜನ್ ಅಯಾನುಗಳನ್ನು ತಳ್ಳಿ ಕೂಡಿಡುತ್ತದೆ. ಅವು ಹಿಂತಿರುಗಿ ನುಗ್ಗುವಾಗ ಒಂದು ಪ್ರೋಟೀನು ಗಿರಗಿರ ತಿರುಗುತ್ತ ಎಟಿಪಿ ತಯಾರಿಸುತ್ತದೆ. ಲಿಂಗನಮಕ್ಕಿಯಲ್ಲಿ ಕಟ್ಟಿ ನಿಲ್ಲಿಸಿದ ನೀರು ಇಳಿದು ಟರ್ಬೈನ್ ತಿರುಗಿಸುವುದಕ್ಕೂ ಇದಕ್ಕೂ ಹೋಲಿಕೆ ಬಹಳ ಆಳದವರೆಗೆ ನಿಜ, ಇದನ್ನು ಮಗಳು ನಿಶ್ಚಿಂತೆಯಿಂದ ಹೇಳಬಹುದು. ಆದರೆ ಆಚೆಗೆ ಏನಾಗುತ್ತದೆ ನೋಡಿ. ಊರಿನಲ್ಲಿ ಕರೆಂಟು ಕರೆಂಟೇ, ಪತ್ರ ಪತ್ರವೇ. ಬೀಟಾ ಕೋಶದಲ್ಲಿ ಎಟಿಪಿಯೇ ಇಂಧನ, ಎಟಿಪಿಯೇ ಸುದ್ದಿ. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 90 ಮಿಲಿಗ್ರಾಂ ದಾಟಿದಂತೆ ಕೋಶದೊಳಕ್ಕೆ ಹೆಚ್ಚು ಸಕ್ಕರೆ ಬಂದು ಉರಿಯುತ್ತದೆ, ಎಟಿಪಿ ಹೆಚ್ಚುತ್ತದೆ. ಪೊರೆಯಲ್ಲಿ ಪೊಟ್ಯಾಸಿಯಂ ಹೊರಹೋಗಲೆಂದು ತೆರೆದಿರುವ ಒಂದು ಬಗೆಯ ಬಾಗಿಲುಗಳಿವೆ. ಎಟಿಪಿ ಅಂಟಿದರೆ ಅವು ಮುಚ್ಚಿಕೊಳ್ಳುತ್ತವೆ. ಪೊಟ್ಯಾಸಿಯಂ ಒಳಗೇ ಉಳಿದಾಗ ಪೊರೆಯ ವಿದ್ಯುತ್ ಸ್ಥಿತಿ ಬದಲಾಗಿ ಕ್ಯಾಲ್ಸಿಯಂ ಬಾಗಿಲುಗಳು ತೆರೆಯುತ್ತವೆ, ಒಳನುಗ್ಗಿದ ಕ್ಯಾಲ್ಸಿಯಂನಿಂದ ಇನ್ಸುಲಿನ್ ಚೀಲಗಳು ಪೊರೆಗೆ ಬೆಸೆದುಕೊಂಡು ಹೊರಕ್ಕೆ ಸುರಿಯುತ್ತವೆ. ಪೊರೆಯನ್ನು ಕೋಟೆಗೋಡೆ ಎನ್ನುವುದೂ ಇಲ್ಲಿ ಸಾಲದಾಗುತ್ತದೆ. ಇದು ಸಕ್ಕರೆಯನ್ನು ಅಳೆಯುವ ಗೋಡೆ. ಚೀಲ ಬಂದು ತಾಗಿದಾಗ ಚೀಲದ ಪೊರೆಯೇ ಅದರ ಭಾಗವಾಗಿಬಿಡುತ್ತದೆ.

ಇದು ಬರಿಯ ಮಾತಿನ ಸೂಕ್ಷ್ಮವಲ್ಲ. ಹುಟ್ಟಿದ ಆರು ತಿಂಗಳೊಳಗೆ ಮಧುಮೇಹ ಕಾಣಿಸಿಕೊಂಡು ಇನ್ಸುಲಿನ್ ಚುಚ್ಚುಮದ್ದಿನ ಮೇಲೆ ಬದುಕುವ ಕೆಲವು ಮಕ್ಕಳಲ್ಲಿ ತಪ್ಪಿರುವುದು ಈ ಪೊಟ್ಯಾಸಿಯಂ ಬಾಗಿಲಿನ ಜೀನೇ ಎಂದು 2004ರಲ್ಲಿ ತಿಳಿದುಬಂತು. ಅವರ ಕೋಶದಲ್ಲಿ ಇನ್ಸುಲಿನ್ ಇದೆ, ಚೀಲಗಳಿವೆ, ಎಟಿಪಿಯೂ ಏರುತ್ತದೆ, ಆದರೆ ಬಾಗಿಲು ಮುಚ್ಚುವುದಿಲ್ಲ. ನಮ್ಮಲ್ಲಿ ಅನೇಕ ಹಿರಿಯರು ನುಂಗುವ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಮಾತ್ರೆಗಳು ಇದೇ ಬಾಗಿಲಿಗೆ ಅಂಟಿ ಅದನ್ನು ಮುಚ್ಚುವಂಥವು. ಆ ಗುಂಪಿನ ಮಾತ್ರೆಯನ್ನು ಕೊಟ್ಟು ನೋಡಿದಾಗ, 2006ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಇಂತಹ 49 ರೋಗಿಗಳಲ್ಲಿ 44 ಮಂದಿ ಚುಚ್ಚುಮದ್ದನ್ನು ನಿಲ್ಲಿಸಲು ಸಾಧ್ಯವಾಯಿತು. ‘ನಗರಸಭೆ ಆಜ್ಞೆ ಕೊಡಲಿಲ್ಲ’ ಎಂದುಕೊಂಡು ಹುಡುಕಿದ್ದರೆ ಆ ಬಾಗಿಲು ಕಣ್ಣಿಗೆ ಬೀಳುತ್ತಿರಲಿಲ್ಲ. (ಇದು ಆ ಅಪರೂಪದ ಜೀನ್ ದೋಷಕ್ಕಷ್ಟೇ ಅನ್ವಯಿಸುವ ಮಾತು, ಬೇರೆ ಬಗೆಯ ಮಧುಮೇಹವಿರುವವರು ಇದನ್ನು ಓದಿ ಇನ್ಸುಲಿನ್ ಬಿಡಬಾರದು.)

ಭಾಷಣವನ್ನು ಮೂರು ರೀತಿಯಲ್ಲಿ ಕಟ್ಟಬಹುದು. ಈಗ ಬರೆದುಕೊಂಡಿರುವಂತೆ ಎಲ್ಲ ಭಾಗಗಳಿಗೂ ನಗರದ ಹೆಸರು ಹೇಳಿ, ಕೊನೆಯಲ್ಲಿ ‘ಇತಿಮಿತಿಗಳು’ ಎಂದು ಸೇರಿಸುವುದು ಒಂದು. ಇದು ನೆನಪಿಡಲು ಸುಲಭ, ಆದರೆ ಐದು ನಿಮಿಷದಲ್ಲಿ ನಾಲ್ಕು ನಿಮಿಷ ಪಟ್ಟಿ ಓದುವುದರಲ್ಲೇ ಹೋಗುತ್ತವೆ, ಕೊನೆಯ ಒಂದು ನಿಮಿಷ ಕೇಳುವವರ ಕಿವಿಗೆ ಬೀಳುವುದಿಲ್ಲ. ಹೋಲಿಕೆಯನ್ನು ಪೂರ್ತಿ ಬಿಟ್ಟು ನೇರ ವಿಜ್ಞಾನ ಹೇಳುವುದು ಇನ್ನೊಂದು. ತಪ್ಪಾಗುವ ಭಯ ಕಡಿಮೆ, ಆದರೆ ಆರನೇ ತರಗತಿಯ ಮಕ್ಕಳೂ ಕುಳಿತ ಸಭೆಯಲ್ಲಿ ಹೆಸರುಗಳ ಭಾರಕ್ಕೆ ಯಾರೂ ಜೊತೆಗೆ ಬರಲಾರರು. ನಾನು ಒಪ್ಪುವುದು ಮೂರನೆಯದನ್ನು: ಇನ್ಸುಲಿನ್ ಎಂಬ ಒಂದೇ ಸರಕನ್ನು ಹಿಂಬಾಲಿಸಿ, ಹೋಲಿಕೆ ಮುರಿಯುವ ಜಾಗ ಬಂದಾಗ ಅಲ್ಲಿಯೇ ನಿಂತು ಹೇಳುವುದು. ಇದರಲ್ಲಿರುವ ಅಪಾಯ, ಲೈಸೋಸೋಮ್ ಎಲ್ಲಿ, ಕುಹರ ಎಲ್ಲಿ ಎಂದು ಪಠ್ಯಪುಸ್ತಕ ಹಿಡಿದ ತೀರ್ಪುಗಾರರು ಕೇಳಬಹುದು. ‘ಐದು ನಿಮಿಷಕ್ಕೆ ಒಂದೇ ಬೀದಿ ತೋರಿಸಿದೆ’ ಎಂದು ಅವಳು ಉತ್ತರಿಸಲಿ. ಮೇಲೆ ನಾನು ಕೊಟ್ಟ ಅಂಕಿಗಳಲ್ಲಿ ಎರಡು ಸಾಕು, ಹತ್ತು ಕಿಲೋಮೀಟರಿನ ಊರು ಮತ್ತು ಸೆಕೆಂಡಿಗೆ ನೂರು ಹೆಜ್ಜೆ. ಲಾರಿಯ ಭಾಗವನ್ನು ಅವಳು ಹೀಗೆ ಹೇಳಬಹುದು:

“ಈ ಲಾರಿಗೆ ಗಾಲಿಗಳಿಲ್ಲ, ಎರಡು ಕಾಲುಗಳಿವೆ. ಸೆಕೆಂಡಿಗೆ ನೂರು ಹೆಜ್ಜೆ ಹಾಕುತ್ತದೆ. ಡ್ರೈವರ್ ಯಾರು ಎಂದು ನಾನು ಅಮ್ಮನನ್ನು ಕೇಳಿದೆ. ಡ್ರೈವರ್ ಇಲ್ಲ. ನಗರದಲ್ಲಿ ದಾರಿ ಗೊತ್ತಿರುವ ಜನರಿರುತ್ತಾರೆ. ಕೋಶದಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಎಲ್ಲವೂ ಎಲ್ಲದಕ್ಕೂ ಡಿಕ್ಕಿ ಹೊಡೆಯುತ್ತಲೇ ಇರುತ್ತದೆ, ಆಕಾರ ಹೊಂದಿದವು ಮಾತ್ರ ಅಂಟಿಕೊಂಡು ನಿಲ್ಲುತ್ತವೆ.”

ಈ ಕೊನೆಯ ಮಾತನ್ನು ಕಣ್ಣಿಗೆ ಕಾಣುವಂತೆ ಮಾಡಲು ಥರ್ಮಾಕೋಲ್ ಮಾದರಿಯ ಬದಲು ಮುಚ್ಚಳವಿರುವ ಒಂದು ಪಾರದರ್ಶಕ ಡಬ್ಬಿ ಒಯ್ಯಲಿ. ಅದರಲ್ಲಿ ಅರ್ಧದಷ್ಟು ಗಾಜಿನ ಮಣಿ ತುಂಬಿ, ಎರಡು ಪುಟ್ಟ ಅಯಸ್ಕಾಂತಗಳನ್ನು ಎದುರುಬದುರು ಮೂಲೆಗಳಲ್ಲಿಟ್ಟು, ಮುಚ್ಚಿ, ಮಾತನಾಡುತ್ತಲೇ ಕುಲುಕುತ್ತಿರಲಿ. ಸ್ವಲ್ಪ ಹೊತ್ತಿಗೆ ಅವೆರಡೂ ಒಂದನ್ನೊಂದು ಹಿಡಿದು ನಿಂತಿರುತ್ತವೆ. ಮನೆಯಲ್ಲಿ ಮೊದಲೇ ಮಾಡಿ ನೋಡಿ, ಮಣಿ ಹೆಚ್ಚಾದರೆ ಅಯಸ್ಕಾಂತ ಅಲುಗುವುದಿಲ್ಲ. ತೋರಿಸಿದ ಮೇಲೆ ಅವಳು ಇನ್ನೊಂದು ವಾಕ್ಯ ಸೇರಿಸಬೇಕು: ಅಯಸ್ಕಾಂತ ತುಸು ದೂರದಿಂದಲೇ ಎಳೆಯುತ್ತದೆ, ಕೋಶದ ಅಣುಗಳು ಹಾಗಲ್ಲ, ಹೆಚ್ಚುಕಡಿಮೆ ಒಂದಕ್ಕೊಂದು ತಾಗಿದ ಮೇಲೆಯೇ ಹಿಡಿದುಕೊಳ್ಳುತ್ತವೆ.